ಮೊದಲು ಕೀವು, ಆಮೇಲೆ ಮಾತ್ರೆ: ಹಲ್ಲಿನ ಬಾವಿನ ಚಿಕಿತ್ಸೆ ನಡೆದು ಬಂದ ದಾರಿ

ಕೆನ್ನೆ ಊದಿಸಿಕೊಂಡು ದಂತವೈದ್ಯರ ಬಳಿ ಬರುವವರಲ್ಲಿ ಬಹಳಷ್ಟು ಮಂದಿ ಅದಾಗಲೇ ಎರಡು ಬಗೆಯ ಆಂಟಿಬಯೋಟಿಕ್ ನುಂಗಿರುತ್ತಾರೆ. ಒಂದನ್ನು ಮೆಡಿಕಲ್ ಶಾಪಿನವರು ಕೊಟ್ಟಿರುತ್ತಾರೆ. ಇನ್ನೊಂದನ್ನು ನಮ್ಮವರೇ ಯಾರೋ "ಮೊದಲು ಊತ ಇಳಿಸಿಕೊಂಡು ಬನ್ನಿ, ಆಮೇಲೆ ಹಲ್ಲು ನೋಡೋಣ" ಎಂದು ಬರೆದಿರುತ್ತಾರೆ. ಊತ ಇಳಿಯುವ ತನಕ ಹಲ್ಲು ಮುಟ್ಟಬಾರದು ಎಂಬ ಈ ನಂಬಿಕೆಗೆ ಶಾಸ್ತ್ರದ ಆಧಾರವಿಲ್ಲ. ಈ ವಿಷಯದ ಚರಿತ್ರೆಯೂ ಅದಕ್ಕೆ ವಿರುದ್ಧವಾಗಿಯೇ ಇದೆ.

ಕೀವು ಕಂಡಲ್ಲಿ ದಾರಿ ಮಾಡಿಕೊಡಬೇಕೆಂಬುದು ಶಸ್ತ್ರವೈದ್ಯದ ಬಹಳ ಹಳೆಯ ಪಾಠ. 1836ರಲ್ಲಿ ಜರ್ಮನಿಯ ಲುಡ್‌ವಿಗ್ ದವಡೆಯ ಕೆಳಗೆ ಹರಡಿ ಉಸಿರು ಕಟ್ಟಿಸುವ ಸೋಂಕನ್ನು ವಿವರಿಸಿದರು. ಅದರ ಮೂಲ ಹೆಚ್ಚಾಗಿ ಕೆಳದವಡೆಯ ಹಲ್ಲೇ ಎಂಬುದು ಆಮೇಲೆ ತಿಳಿಯಿತು. 1910ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಲಿಯಂ ಹಂಟರ್ ಮಾಡಿದ ಭಾಷಣದಿಂದ ದೇಹದ ಎಲ್ಲ ಕಾಯಿಲೆಗೂ ಬಾಯಿಯೇ ಕಾರಣ ಎಂಬ ಅಲೆ ಎದ್ದಿತು, ಗಟ್ಟಿ ಹಲ್ಲುಗಳೂ ರಾಶಿರಾಶಿಯಾಗಿ ಕಿತ್ತುಹೋದವು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಹರಡಿದ ಸೋಂಕಿನಿಂದ ಸಾಯುವವರನ್ನು ಅದು ಉಳಿಸಿತು, ನಿಜ. ಜೊತೆಗೆ ಕತ್ತರಿ ಹಿಡಿಯದೆಯೂ ಬಾವು ವಾಸಿಮಾಡಬಹುದೆಂಬ ಆಸೆಯನ್ನೂ ಹುಟ್ಟಿಸಿತು.

ಆ ಆಸೆ ಏಕೆ ಈಡೇರಲಿಲ್ಲ ಎಂಬುದು ಮುಂದಿನ ಮೂರು ದಶಕಗಳಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತ ಹೋಯಿತು. 1962ರಲ್ಲಿ ಇಂಗ್ಲೆಂಡಿನ ಡೇವಿಡ್ ಶಿನ್ ಒಂದು ಪ್ರಸಂಗವನ್ನು ವರದಿಮಾಡಿದರು. ಸ್ತ್ರೀರೋಗಕ್ಕೆಂದು ಮೆಟ್ರೋನಿಡಜೋಲ್ ತೆಗೆದುಕೊಂಡ ರೋಗಿಯೊಬ್ಬರ ಒಸಡಿನ ತೀವ್ರ ಉರಿಯೂತವೂ ಅದರಿಂದಲೇ ವಾಸಿಯಾಗಿತ್ತು. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು, ರೋಗಾಣುವೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟರೂ ಬಾವು ಆಗುವುದಿಲ್ಲವೆಂದು ತೋರಿಸಿದರು. 1976ರಲ್ಲಿ ಸ್ವೀಡನ್ನಿನ ಸುಂಡ್‌ಕ್ವಿಸ್ಟ್, ಸತ್ತ ತಿರುಳಿನಲ್ಲಿ ವಾಸಿಸುವವು ಬಹುತೇಕ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳೆಂದು ತೋರಿಸಿದರು. ಮೂರನ್ನೂ ಒಟ್ಟಿಗೆ ಓದಿದರೆ ಸೋಂಕಿನ ಮನೆ ಎಲ್ಲಿದೆ ಎಂಬುದು ಸ್ಪಷ್ಟ: ಅದು ಹಲ್ಲಿನೊಳಗೇ, ರಕ್ತ ಹರಿಯುವುದು ನಿಂತುಹೋದ ಜಾಗದಲ್ಲಿ ಇದೆ.

ನುಂಗಿದ ಮಾತ್ರೆ ಎಲ್ಲಿಗೆ ಹೋಗಬೇಕಾದರೂ ರಕ್ತದ ಮೂಲಕವೇ ಹೋಗಬೇಕು. ಸತ್ತ ತಿರುಳಿಗೆ ರಕ್ತನಾಳವಿಲ್ಲ, ಕೀವಿನ ಗಡ್ಡೆಯ ಒಳಗೂ ಇಲ್ಲ. ಅಂಚಿನಿಂದ ಒಸರಿ ಒಳಬಂದ ಅಷ್ಟಿಷ್ಟು ಔಷಧಿಗೆ ಅಲ್ಲಿ ಸಿಗುವುದು ಆಮ್ಲೀಯ ವಾತಾವರಣ ಮತ್ತು ಕಿಕ್ಕಿರಿದ, ನಿಧಾನವಾಗಿ ಬೆಳೆಯುವ ರೋಗಾಣುಗಳು. ಬೆಳೆಯುತ್ತಿರುವ ರೋಗಾಣುವಿನ ಗೋಡೆ ಒಡೆಯುವ ಪೆನಿಸಿಲಿನ್ ಜಾತಿಯ ಔಷಧಿಗೆ ಅಲ್ಲಿ ಕೆಲಸ ಕಡಿಮೆ. ಸುತ್ತಲಿನ ಜೀವಂತ ಅಂಗಾಂಶದ ಸೋಂಕು ಮಾತ್ರೆಗೆ ತಗ್ಗುತ್ತದೆ, ಊತ ಇಳಿಯುತ್ತದೆ, ರೋಗಿ ವಾಸಿಯಾಯಿತೆಂದು ಊರಿಗೆ ಹೋಗುತ್ತಾನೆ. ಹಲ್ಲು ಹಾಗೇ ಇರುವುದರಿಂದ ಕೆಲವು ವಾರಗಳಲ್ಲಿ ಬಾವು ಮತ್ತೆ ಏಳುತ್ತದೆ.

1990ರ ದಶಕದಲ್ಲಿ ಕಲಿತ ನಮ್ಮ ಪೀಳಿಗೆಗೆ ಮೊದಲು ಕೀವು ತೆಗೆಯಬೇಕೆಂಬುದನ್ನು ಮೇಷ್ಟರುಗಳು ಕೈಹಿಡಿದು ಕಲಿಸಿದರು. ಆ ಪಂಥದ ಪಕ್ಷಪಾತಿ ನಾನು, ಅದನ್ನು ಮುಚ್ಚಿಡುವುದಿಲ್ಲ. 1997ರಲ್ಲಿ ಮಾರ್ಟಿನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಏಳುನೂರಕ್ಕೂ ಹೆಚ್ಚು ರೋಗಿಗಳ ಕೀವು ತೆಗೆದು ಆಂಟಿಬಯೋಟಿಕ್ ಕೊಟ್ಟಾಗ, ಎರಡು-ಮೂರು ದಿನಗಳಲ್ಲೇ ಬಹುತೇಕ ಎಲ್ಲರೂ ಮಾತ್ರೆ ನಿಲ್ಲಿಸುವಷ್ಟು ಚೇತರಿಸಿಕೊಂಡಿದ್ದರು. ಏಳು ದಿನ, ಹತ್ತು ದಿನವೆಂದು ಬರೆಯುವ ಅಭ್ಯಾಸ ಅಂದೇ ಸಡಿಲವಾಗಬೇಕಿತ್ತು.

ಒಂದು ಉದಾಹರಣೆ ನೋಡಿ. ಸುಮಾರು ನಲವತ್ತರ ಲಾರಿ ಚಾಲಕರೊಬ್ಬರು. ಕೆಳಗಿನ ಬಲ ದವಡೆಯ ಮೊದಲ ದೊಡ್ಡ ಹಲ್ಲು ಹುಳುಕು. ಐದು ದಿನ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625, ಆಮೇಲೆ ಆಫ್ಲಾಕ್ಸಸಿನ್-ಆರ್ನಿಡಜೋಲ್ ಆಗಿದೆ. ಊತ ಇಳಿದು ಮತ್ತೆ ಬಂದಿದೆ. ಜ್ವರ 38.4 ಡಿಗ್ರಿ ಸೆಲ್ಸಿಯಸ್. ಬಾಯಿ ಮೂರು ಬೆರಳಷ್ಟು ತೆರೆಯುತ್ತದೆ, ನಾಲಿಗೆಯ ಕೆಳಗೆ ಮೆತ್ತಗಿದೆ, ಎಂಜಲು ನುಂಗಲು ತೊಂದರೆಯಿಲ್ಲ. ಕೆನ್ನೆ-ಒಸಡಿನ ಸಂದಿಯಲ್ಲಿ ಬೆರಳಿಟ್ಟರೆ ಒಳಗೆ ದ್ರವ ತುಳುಕಿದಂತಾಗುತ್ತದೆ. ಇಂಥವರಿಗೆ ಮೂರನೆಯ ಔಷಧಿಯನ್ನು ಹುಡುಕಬಾರದು.

ಊದಿದ ಜಾಗಕ್ಕೇ ಅರಿವಳಿಕೆ ಕೊಟ್ಟರೆ ಅಲ್ಲಿನ ಆಮ್ಲೀಯತೆಯಿಂದ ಸರಿಯಾಗಿ ಮರಗಟ್ಟುವುದಿಲ್ಲ. ನರ ದವಡೆಯೊಳಗೆ ಹೋಗುವಲ್ಲೇ, ಹಿಂದುಗಡೆ ಕೊಡಬೇಕು. ಊತದ ತಗ್ಗಿನ ತುದಿಯಲ್ಲಿ ಮೂಳೆ ತಾಗುವವರೆಗೆ ಸುಮಾರು ಒಂದು ಸೆಂಟಿಮೀಟರ್ ಗೀರು ಹಾಕಿ, ಮೊಂಡು ತುದಿಯ ಆರ್ಟರಿ ಫೋರ್ಸೆಪ್ಸನ್ನು ಮುಚ್ಚಿ ಒಳತೂರಿಸಿ, ಒಳಗೆ ಬಾಯಿ ತೆರೆದು ಹೊರಗೆಳೆದರೆ ಕೀವು ಧಾರೆಯಾಗಿ ಬರುತ್ತದೆ. ಸಲೈನಿನಿಂದ ತೊಳೆದು, ಗಾಯ ಬೇಗ ಮುಚ್ಚದಂತೆ ರಬ್ಬರ್ ಪಟ್ಟಿಯೊಂದನ್ನು ಹೊಲಿಗೆ ಹಾಕಿ ಇಡುತ್ತೇವೆ, ಒಂದೆರಡು ದಿನದಲ್ಲಿ ತೆಗೆಯುತ್ತೇವೆ. ಅದೇ ದಿನ ಹಲ್ಲನ್ನು ಕೊರೆದು ಬೇರಿನ ನಾಳ ಸ್ವಚ್ಛಮಾಡಬೇಕು, ಉಳಿಸಲಾಗದ್ದಾದರೆ ಕೀಳಬೇಕು. ಒತ್ತಡ ಇಳಿದ ಕೂಡಲೆ ನೋವೂ ಇಳಿಯುತ್ತದೆ.

ಜ್ವರವಿದ್ದ ಕಾರಣ ಇವರಿಗೆ ಮಾತ್ರೆಯೂ ಬೇಕು: ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ. ಈ ಔಷಧಿ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ ಹೊತ್ತು ತಪ್ಪಿಸುವಂತಿಲ್ಲ. ಮೂರನೆಯ ದಿನ ಕರೆಸಿ ನೋಡಿ, ಲಕ್ಷಣಗಳು ಹೋದ ಒಂದು ದಿನದ ಬಳಿಕ ನಿಲ್ಲಿಸಬಹುದು. ಇಳಿಯದಿದ್ದರೆ ಮೊದಲು ಸಂಶಯಿಸಬೇಕಾದದ್ದು ಕೀವು ಪೂರ್ತಿ ಹೊರಬಂದಿದೆಯೇ, ಹಿಡಿದದ್ದು ಸರಿಯಾದ ಹಲ್ಲೇ ಎಂಬುದನ್ನು. ಆಮೇಲೆ ಮೆಟ್ರೋನಿಡಜೋಲ್ 400 ಸೇರಿಸಬಹುದು, ಅದೂ ದಿನಕ್ಕೆ ಮೂರು ಸಲ. ಮದ್ಯಪಾನ ಮಾಡುವವರಿಗೂ ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಅದನ್ನು ಕಣ್ಣುಮುಚ್ಚಿ ಬರೆಯಬಾರದು. ಪೆನಿಸಿಲಿನ್ನಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ ಇತಿಹಾಸವಿದ್ದರೆ ಅಜಿತ್ರೋಮೈಸಿನ್. ಕ್ಲಿಂಡಾಮೈಸಿನ್ನಿನ ಹಳೆಯ ವೈಭವ, ಅದು ತರುವ ತೀವ್ರ ಭೇದಿಯ ಭಯದಿಂದ ಕುಗ್ಗಿದೆ. ಈ ಚಾಲಕರು ಮೊದಲು ನುಂಗಿದ್ದ 625ರಲ್ಲಿರುವ ಅಮಾಕ್ಸಿಸಿಲಿನ್ 500 ಮಾತ್ರ, ಉಳಿದ 125 ಕ್ಲಾವುಲನೇಟ್. ಮೊದಲ ಸಲ ಔಷಧಿ ಪಡೆಯುವ ರೋಗಿಗೆ ಅದರಿಂದ ಹೆಚ್ಚಾಗುವುದು ಬಹುಪಾಲು ಭೇದಿ ಮತ್ತು ಬಿಲ್ಲು.

2019ರ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ ಮಾರ್ಗಸೂಚಿ ಇದೇ ದಾರಿಯಲ್ಲಿದೆ. ರೋಗನಿರೋಧಕ ಶಕ್ತಿ ಸರಿಯಿರುವ ವಯಸ್ಕರಿಗೆ, ಹಲ್ಲಿನ ಚಿಕಿತ್ಸೆ ಕೂಡಲೇ ಸಿಗುವಂತಿದ್ದು, ಜ್ವರ ಅಥವಾ ಹರಡುವ ಲಕ್ಷಣವಿಲ್ಲದಿದ್ದರೆ, ಮಾತ್ರೆಯೇ ಬೇಡ ಎನ್ನುತ್ತದೆ. ಚಿಕಿತ್ಸೆ ಕೂಡಲೇ ಸಿಗದೆಡೆ ಬಾವಿಗೆ ಮಾತ್ರೆ ಕೊಡಲು ಒಪ್ಪುತ್ತದೆ. ನಮ್ಮ ಕೊರತೆ ಇರುವುದೇ ಇಲ್ಲಿ. ನಮ್ಮ ಹೆಚ್ಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಮಾಕ್ಸಿಸಿಲಿನ್ ಇದೆ, ದಂತವೈದ್ಯರಿಲ್ಲ, ಕುರ್ಚಿಯಿಲ್ಲ. ಅಲ್ಲಿನ ವೈದ್ಯರು ಮಾತ್ರೆ ಬರೆಯುವುದು ಅಜ್ಞಾನದಿಂದಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿ ಮೆಡಿಕಲ್ ಶಾಪಿನ ಕೆಲವು ಆಂಟಿಬಯೋಟಿಕ್‌ಗಳ ಮೇಲೆ ಕಣ್ಣಿಟ್ಟಿತು, ಕೀವಿಗೆ ದಾರಿ ಮಾಡುವ ಕೈಗಳನ್ನು ಹೆಚ್ಚಿಸಲಿಲ್ಲ.

ಆ ಕೊರತೆ ತುಂಬುವವರೆಗೆ ಓದುಗರು ಇಷ್ಟನ್ನು ನೆನಪಿಡಬೇಕು. ದವಡೆಯ ಕೆಳಗೆ ಅಥವಾ ನಾಲಿಗೆಯ ಕೆಳಗೆ ಊತ, ಬಾಯಿ ಎರಡು ಬೆರಳಷ್ಟೂ ತೆರೆಯದಿರುವುದು, ಎಂಜಲು ನುಂಗಲಾಗದಿರುವುದು, ದನಿ ಬದಲಾಗುವುದು, ಕಣ್ಣು ಮುಚ್ಚುವಷ್ಟು ಊತ — ಇವುಗಳಲ್ಲಿ ಒಂದಿದ್ದರೂ ಮಾತ್ರೆ ನುಂಗಿ ಕಾಯಬೇಡಿ, ಅದೇ ಹೊತ್ತಿಗೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಇನ್ನೂ ಬೇಗ ಹೋಗಬೇಕು. ಬರೇ ಚೀಟಿ ಬರೆದು ಕಳಿಸಿದರೆ "ಕೀವು ಯಾವಾಗ ತೆಗೆಯುತ್ತೀರಿ?" ಎಂದು ಕೇಳಿ, ದಿನಾಂಕ ಬರೆಸಿಕೊಂಡೇ ಎದ್ದು ಬನ್ನಿ.