ಟಿಫಿನ್ ಡಬ್ಬಿ ಮತ್ತು ಹಲ್ಲಿನ ಆರೋಗ್ಯ: ತಿಂಡಿಯ ಆಯ್ಕೆ, ಬಾಯಿ ಮುಕ್ಕಳಿಸುವ ಕ್ರಮ

ಹುಳುಕು ಎಂದರೇನು?

ಹಲ್ಲಿನ ಹೊರಪದರವನ್ನು ದಂತಕವಚ ಅಥವಾ ಎನಾಮಲ್ ಎನ್ನುತ್ತಾರೆ. ಮಾನವ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ಭಾಗ ಬೇರೆ ಇಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜದಿಂದ ಅದು ರೂಪುಗೊಂಡಿದೆ. ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುವ ಈ ಪದರ ಆಮ್ಲಕ್ಕೆ ಮಾತ್ರ ಕರಗುತ್ತದೆ. ಆಮ್ಲದಿಂದ ಖನಿಜ ಮತ್ತೆ ಮತ್ತೆ ಕರಗಿ, ಕೊನೆಗೆ ಹಲ್ಲಿನಲ್ಲಿ ಕುಳಿ ಬೀಳುವುದೇ ಹುಳುಕು. ಹೆಸರಿನಲ್ಲಿ ಹುಳುವಿದ್ದರೂ ಹಲ್ಲಿನೊಳಗೆ ಯಾವ ಹುಳುವೂ ಇರುವುದಿಲ್ಲ. ಈ ಕೆಲಸವನ್ನು ನಡೆಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ.

ಹಲ್ಲುಗಳ ಮೇಲೆ, ಮುಖ್ಯವಾಗಿ ವಸಡಿನ ಅಂಚಿನಲ್ಲಿ ಮತ್ತು ಹಲ್ಲುಗಳ ಸಂದಿಯಲ್ಲಿ, ಮೃದುವಾದ ಅಂಟುಪದರವೊಂದು ಕೂರುತ್ತದೆ. ಇದಕ್ಕೆ ಪ್ಲಾಕ್ ಎಂದು ಹೆಸರು. ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಇದರಲ್ಲಿ ನೆಲೆಸಿರುತ್ತವೆ. ನಾವು ತಿಂದ ಸಕ್ಕರೆಯೇ ಅವುಗಳಿಗೂ ಆಹಾರ. ಆ ಸಕ್ಕರೆಯನ್ನು ಬಳಸಿಕೊಂಡು ಅವು ಆಮ್ಲವನ್ನು ಹೊರಬಿಡುತ್ತವೆ.

ಆಮ್ಲ ಹುಟ್ಟಿ ಇಳಿಯುವ ಬಗೆ

ಆಮ್ಲೀಯತೆಯನ್ನು ಪಿಎಚ್ ಎಂಬ ಅಳತೆಯಿಂದ ಸೂಚಿಸುತ್ತಾರೆ. 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ಪ್ಲಾಕ್‌ನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ದಂತಕವಚದ ಖನಿಜ ಕರಗತೊಡಗುತ್ತದೆ.

1940ರ ದಶಕದಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಸ್ಟೀಫನ್, ಜನರಿಗೆ ಗ್ಲೂಕೋಸ್ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, ಆನಂತರ ಪ್ಲಾಕ್‌ನಲ್ಲಿ ಉಂಟಾಗುವ ಬದಲಾವಣೆಯನ್ನು ಅಳೆದರು. ಕೆಲವೇ ನಿಮಿಷಗಳಲ್ಲಿ ಪಿಎಚ್ ಥಟ್ಟನೆ ಕುಸಿಯಿತು. ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇಕಾಯಿತು. ಈ ಏರಿಳಿತದ ನಕ್ಷೆಯನ್ನು ಇಂದಿಗೂ ಸ್ಟೀಫನ್ ರೇಖೆ ಎಂದೇ ಕರೆಯುತ್ತಾರೆ.

ಪಿಎಚ್ ಮತ್ತೆ ಮೇಲೇರಲು ಮುಖ್ಯ ಕಾರಣ ಜೊಲ್ಲು. ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕಳೆದುಹೋದ ಖನಿಜವನ್ನು ಹಲ್ಲಿಗೆ ಮರಳಿಸುತ್ತವೆ. ಹೀಗೆ ಪ್ರತಿದಿನವೂ ಹಲ್ಲಿನಲ್ಲಿ ಕರಗುವ ಕೆಲಸವೂ ತುಂಬುವ ಕೆಲಸವೂ ನಡೆದಿರುತ್ತವೆ. ಕರಗುವ ಹೊತ್ತು ಹೆಚ್ಚಾಗಿ, ತುಂಬುವ ಹೊತ್ತು ಕಡಿಮೆಯಾದಾಗ ಹುಳುಕು ಶುರುವಾಗುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದೆವು ಎಂಬುದರ ಜೊತೆಗೆ ಎಷ್ಟು ಸಲ ತಿಂದೆವು, ಅದು ಬಾಯಲ್ಲಿ ಎಷ್ಟು ಹೊತ್ತು ಉಳಿಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದೇ ಪೊಟ್ಟಣ, ಎರಡು ಬಗೆಯ ಪರಿಣಾಮ

ಇಬ್ಬರು ವಿದ್ಯಾರ್ಥಿನಿಯರು ತಲಾ ಆರು ಸಿಹಿ ಬಿಸ್ಕತ್ತು ತಂದಿದ್ದಾರೆ ಎಂದುಕೊಳ್ಳೋಣ. ಮೊದಲನೆಯವಳು ಬೆಳಗಿನ ಬಿಡುವಿನಲ್ಲಿ, 11:15ಕ್ಕೆ, ಆರನ್ನೂ ಒಂದೇ ಸಲ ತಿಂದು ಬಾಯಿ ಮುಕ್ಕಳಿಸುತ್ತಾಳೆ. ಅವಳ ಬಾಯಲ್ಲಿ ಆಮ್ಲ ಏರಿ, ಸುಮಾರು 11:45ರ ಹೊತ್ತಿಗೆ ತಗ್ಗುತ್ತದೆ. ಅಲ್ಲಿಂದ ಊಟದ ಗಂಟೆಯವರೆಗೆ ಜೊಲ್ಲು ಹಲ್ಲನ್ನು ಸರಿಪಡಿಸುತ್ತಿರುತ್ತದೆ.

ಎರಡನೆಯವಳು 10:15ಕ್ಕೆ ಒಂದು ಬಿಸ್ಕತ್ತು ತಿನ್ನುತ್ತಾಳೆ, 10:45ಕ್ಕೆ ಇನ್ನೊಂದು, 11:15ಕ್ಕೆ ಮತ್ತೊಂದು. ಹೀಗೆ ಅರ್ಧ ಗಂಟೆಗೊಂದರಂತೆ 12:45ಕ್ಕೆ ಆರನೆಯದು ಮುಗಿಯುತ್ತದೆ. ಪ್ರತಿ ಬಾರಿ ಪಿಎಚ್ ಮೇಲೇರುವಷ್ಟರಲ್ಲಿ ಹೊಸ ಸಕ್ಕರೆ ಬಂದು ಅದನ್ನು ಕೆಳಗಿಳಿಸುತ್ತದೆ. ಅವಳ ಹಲ್ಲು 10:15ರಿಂದ 1:15ರವರೆಗೆ, ಅಂದರೆ ಸುಮಾರು ಮೂರು ಗಂಟೆ, ಆಮ್ಲದಲ್ಲೇ ಇರುತ್ತದೆ. ಇಬ್ಬರೂ ತಿಂದ ಸಕ್ಕರೆ ಒಂದೇ. ಆಮ್ಲದ ಅವಧಿ ಮಾತ್ರ ಒಬ್ಬಳಿಗೆ ಅರ್ಧ ಗಂಟೆ, ಇನ್ನೊಬ್ಬಳಿಗೆ ಅದರ ಆರು ಪಟ್ಟು. ಈ ಅವಧಿ ಒಬ್ಬೊಬ್ಬರಲ್ಲಿ ತುಸು ಹೆಚ್ಚು ಕಡಿಮೆಯಾಗಬಹುದು. ಇಬ್ಬರ ನಡುವಿನ ಅಂತರ ಮಾತ್ರ ದೊಡ್ಡದಾಗಿಯೇ ಉಳಿಯುತ್ತದೆ.

ಹಲ್ಲಿಗೆ ಅಂಟಿಕೊಳ್ಳುವ ತಿಂಡಿಗಳು

ಕೈಗೆ ಅಂಟುವ ತಿಂಡಿಯೇ ಹಲ್ಲಿಗೂ ಅಂಟುತ್ತದೆ ಎಂಬುದು ಸಾಮಾನ್ಯ ಎಣಿಕೆ. ವಾಸ್ತವದಲ್ಲಿ ಗರಿಗರಿಯಾದ ಬಿಸ್ಕತ್ತು ಮತ್ತು ಆಲೂಗೆಡ್ಡೆ ಚಿಪ್ಸ್ ಅಗಿದಾಗ ಹಿಟ್ಟಿನಂತಾಗಿ ದವಡೆಹಲ್ಲಿನ ಗೆರೆಗಳಲ್ಲಿ ತುಂಬಿಕೊಳ್ಳುತ್ತವೆ ಮತ್ತು ಬಹಳ ಹೊತ್ತು ಅಲ್ಲೇ ಉಳಿಯುತ್ತವೆ. ಅವುಗಳ ಪಿಷ್ಟವನ್ನು ಜೊಲ್ಲಿನ ಕಿಣ್ವ ಒಡೆದು ಸಕ್ಕರೆಯಾಗಿಸುತ್ತದೆ. ಹೀಗಾಗಿ ಉಪ್ಪು-ಖಾರದ ಚಿಪ್ಸ್ ಕೂಡ ಬ್ಯಾಕ್ಟೀರಿಯಾಗಳಿಗೆ ಆಹಾರ ಒದಗಿಸುತ್ತದೆ.

ಬೆಲ್ಲವು ಸಕ್ಕರೆಗಿಂತ ಹಲ್ಲಿಗೆ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಬೆಲ್ಲದ ಬಹುಪಾಲು ಸುಕ್ರೋಸ್ ಎಂಬ ಸಕ್ಕರೆಯೇ. ಕಡಲೆಬೀಜದ ಚಿಕ್ಕಿ ಪೌಷ್ಟಿಕವಾದರೂ ಅದರ ಬೆಲ್ಲದ ಪಾಕ ಹಲ್ಲಿಗೆ ಅಂಟುತ್ತದೆ. ಚಿಕ್ಕಿ ತಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ಕಚ್ಚುವ ಬದಲು ಊಟದ ಜೊತೆಗೇ ತಿಂದು ಮುಗಿಸಬೇಕು. ಊಟದ ಹೊತ್ತಿನಲ್ಲಿ ಜೊಲ್ಲು ಹೆಚ್ಚಾಗಿ ಸುರಿಯುವುದರಿಂದ ಸಿಹಿಯ ಹಾನಿ ಕಡಿಮೆ. ಒಣದ್ರಾಕ್ಷಿ, ಖರ್ಜೂರ ಮತ್ತು ಜಾಮ್ ಸವರಿದ ಬ್ರೆಡ್ಡಿಗೂ ಇದೇ ನಿಯಮ ಅನ್ವಯಿಸುತ್ತದೆ.

ಡಬ್ಬಿಗೆ ಹೊಂದುವ ತಿಂಡಿಗಳು

ಸಕ್ಕರೆ ಸೇರದ, ಚೆನ್ನಾಗಿ ಅಗಿಯಬೇಕಾದ, ಬೇಗ ಗಂಟಲಿಗಿಳಿಯುವ ತಿಂಡಿ ಹಲ್ಲಿಗೆ ಹಿತ. ಅಗಿದಷ್ಟೂ ಜೊಲ್ಲು ಹೆಚ್ಚು ಸುರಿಯುತ್ತದೆ.

- ಬೆಳಗಿನ ಬಿಡುವಿಗೆ: ಕಡಲೆಕಾಳಿನ ಅಥವಾ ಹೆಸರುಕಾಳಿನ ಉಸ್ಲಿ, ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಸೌತೆಕಾಯಿ ಅಥವಾ ಕ್ಯಾರೆಟ್ ಹೋಳು, ಸೀಬೆಹಣ್ಣು. ಕಡಲೆಕಾಯಿ ಒಗ್ಗದ ಮಕ್ಕಳಿಗೆ ಅದನ್ನು ಕೊಡಬಾರದು.
- ಊಟದ ಡಬ್ಬಿಗೆ: ಪಲ್ಯದ ಜೊತೆ ಚಪಾತಿ ಅಥವಾ ರಾಗಿರೊಟ್ಟಿ, ತರಕಾರಿ ಹಾಕಿದ ಉಪ್ಪಿಟ್ಟು, ಇಡ್ಲಿ, ಅಕ್ಕಿರೊಟ್ಟಿ, ಮೊಸರನ್ನ, ಬೇಯಿಸಿದ ಮೊಟ್ಟೆ.
- ಕುಡಿಯಲು: ನೀರು, ಸಕ್ಕರೆ ಹಾಕದ ಹಾಲು ಅಥವಾ ಮಜ್ಜಿಗೆ.

ಇಡ್ಲಿ, ಅನ್ನ, ರೊಟ್ಟಿಗಳಲ್ಲೂ ಪಿಷ್ಟವಿದೆ. ಆದರೆ ಅವು ಒಂದೇ ಕೂರಿಕೆಯಲ್ಲಿ ಮುಗಿಯುವ ಊಟವಾದ್ದರಿಂದ ದಿನವಿಡೀ ಮೆಲ್ಲುವ ಬಿಸ್ಕತ್ತಿನಷ್ಟು ಕೆಡುಕು ಮಾಡುವುದಿಲ್ಲ. ಮೊಸರು ಹುಳಿಯಾಗಿದ್ದರೂ ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಧಾರಾಳವಾಗಿ ಇರುವುದರಿಂದ ಹಲ್ಲಿನ ಖನಿಜ ಸುಲಭವಾಗಿ ಕರಗುವುದಿಲ್ಲ. ಹಣ್ಣನ್ನು ಇಡಿಯಾಗಿ ಅಗಿದು ತಿನ್ನಬೇಕು. ರಸ ಹಿಂಡಿದಾಗ ಅದರ ಸಕ್ಕರೆ ನಾರಿನಿಂದ ಬೇರ್ಪಟ್ಟು ಹಲ್ಲಿನ ಮೇಲೆಲ್ಲ ಹರಡುತ್ತದೆ. ನೀರಿನ ಬಾಟಲಿಗೆ ಶರಬತ್ತು ತುಂಬಿ ಗುಟುಕು ಗುಟುಕಾಗಿ ಕುಡಿಯುವುದು ಮೇಲಿನ ಎರಡನೆಯ ವಿದ್ಯಾರ್ಥಿನಿಯ ಬಿಸ್ಕತ್ತಿನ ರೀತಿಯೇ. ಬಾಟಲಿಯಲ್ಲಿ ನೀರು ಮಾತ್ರ ಇರಲಿ.

ಬಾಯಿ ಮುಕ್ಕಳಿಸುವ ಕ್ರಮ

ನಲ್ಲಿಯ ಬಳಿ ಒಂದು ಗುಟುಕು ನೀರು ಹಾಕಿಕೊಂಡು ತಕ್ಷಣ ಉಗುಳಿದರೆ ದವಡೆಹಲ್ಲಿನ ಹೊರಬದಿಗೆ ನೀರು ತಲುಪುವುದಿಲ್ಲ. ಸರಿಯಾದ ಕ್ರಮ ಹೀಗಿದೆ.

1. ತಿಂಡಿ ಮುಗಿದ ಕೂಡಲೇ ಕೈ ತೊಳೆದು, ಕುಡಿಯುವ ನೀರನ್ನು ಬಾಯಲ್ಲಿ ಅರ್ಧದಷ್ಟು ತುಂಬಿಕೊಳ್ಳಿ. ಬಾಯಿ ಪೂರ್ತಿ ತುಂಬಿದರೆ ನೀರು ಆಡಲು ಜಾಗವಿರುವುದಿಲ್ಲ.
2. ತುಟಿ ಮುಚ್ಚಿ ನೀರನ್ನು ಎಡಗೆನ್ನೆಗೆ, ಬಲಗೆನ್ನೆಗೆ ಮತ್ತು ಮುಂದಿನ ಹಲ್ಲುಗಳ ನಡುವೆ ರಭಸದಿಂದ ಆಡಿಸಿ. ಮನಸ್ಸಿನಲ್ಲಿ 20ರವರೆಗೆ ನಿಧಾನವಾಗಿ ಎಣಿಸಿ.
3. ಉಗುಳಿ, ಇನ್ನೆರಡು ಬಾರಿ ಹೀಗೆಯೇ ಮಾಡಿ.
4. ನಾಲಗೆಯನ್ನು ಹಿಂದಿನ ದವಡೆಹಲ್ಲುಗಳ ಮೇಲೆ ಆಡಿಸಿ ನೋಡಿ. ತರಿತರಿಯಾಗಿ ಏನಾದರೂ ತಗುಲಿದರೆ ಮತ್ತೊಮ್ಮೆ ಮುಕ್ಕಳಿಸಿ.

ಉಪ್ಪು ಅಥವಾ ಔಷಧದ ದ್ರಾವಣ ಇದಕ್ಕೆ ಬೇಕಿಲ್ಲ. ಸಾದಾ ನೀರು ಸಾಕು. ಹುಣಸೆ, ನೆಲ್ಲಿಕಾಯಿ, ನಿಂಬೆಯಂತಹ ಹುಳಿ ತಿಂದ ಮೇಲೂ ನೀರಿನಿಂದ ಮುಕ್ಕಳಿಸಬೇಕು. ಆದರೆ ತಕ್ಷಣ ಬ್ರಷ್ ಮಾಡಬಾರದು. ಹುಳಿಯಿಂದ ಮೃದುವಾದ ಮೇಲ್ಪದರ ಬ್ರಷ್ಷಿನ ಉಜ್ಜುವಿಕೆಗೆ ಸವೆಯುವುದರಿಂದ ಅರ್ಧ ಗಂಟೆ ಕಾಯುವುದು ಒಳ್ಳೆಯದು.

ಮುಕ್ಕಳಿಸುವುದರ ಮಿತಿ

ನೀರು ಸಡಿಲವಾದ ಅಗುಳನ್ನೂ ಕರಗಿದ ಸಕ್ಕರೆಯನ್ನೂ ಹೊರಹಾಕುತ್ತದೆ. ಪ್ಲಾಕ್ ಮಾತ್ರ ನೀರಿಗೆ ಕದಲುವುದಿಲ್ಲ. ಅದನ್ನು ಬ್ರಷ್ಷೇ ಉಜ್ಜಿ ತೆಗೆಯಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಹಲ್ಲುಜ್ಜಿದ ಮೇಲಿನ ಕ್ರಮ ತಿಂಡಿಯ ನಂತರದ ಕ್ರಮಕ್ಕಿಂತ ಭಿನ್ನ. ಆಗ ನೊರೆಯನ್ನು ಉಗುಳಿದರೆ ಸಾಕು. ಹೆಚ್ಚು ನೀರಿನಿಂದ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ.

ಇನ್ನೊಂದು ಮಿತಿ ದವಡೆಹಲ್ಲಿನ ರಚನೆಯಲ್ಲಿದೆ. ಸುಮಾರು ಆರನೆಯ ವಯಸ್ಸಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಅನೇಕ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುತ್ತಾರೆ. ಅದರ ಮೇಲ್ಮೈಯ ಕೆಲವು ಗೆರೆಗಳು ಬ್ರಷ್ಷಿನ ಎಳೆಗಿಂತಲೂ ಕಿರಿದು. ಅಂತಹ ಗೆರೆಗಳನ್ನು ದಂತವೈದ್ಯರು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚುತ್ತಾರೆ. ಇದಕ್ಕೆ ಹಲ್ಲು ಕೊರೆಯಬೇಕಾಗಿಲ್ಲ.

ಮೊದಲ ಗುರುತುಗಳು

ಹುಳುಕು ನೋವಿನಿಂದ ಆರಂಭವಾಗುವುದಿಲ್ಲ. ಮೊದಲ ಗುರುತು ವಸಡಿನ ಅಂಚಿಗೆ ಹತ್ತಿರ, ಹೊಳಪು ಕಳೆದುಕೊಂಡು ಸೀಮೆಸುಣ್ಣದಂತೆ ಕಾಣುವ ಬಿಳಿ ಮಚ್ಚೆ. ಹಲ್ಲನ್ನು ಒರೆಸಿ ಒಣಗಿಸಿ ನೋಡಿದಾಗ ಅದು ಸ್ಪಷ್ಟವಾಗಿ ಕಾಣುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಪ್ರದೇಶಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದರಿಂದ ಬರುವ ಬಿಳಿ ಅಥವಾ ಕಂದು ಕಲೆಗಳು ಬೇರೆ ಬಗೆಯವು. ಅವು ಸಾಮಾನ್ಯವಾಗಿ ಎಡ-ಬಲದ ಹಲ್ಲುಗಳಲ್ಲಿ ಜೋಡಿಯಾಗಿ, ಅಡ್ಡಗೆರೆಗಳಂತೆ ಹರಡಿರುತ್ತವೆ. ಇಂತಹ ಊರುಗಳಲ್ಲಿ ಕುಡಿಯಲು ಶುದ್ಧೀಕರಿಸಿದ ನೀರನ್ನೇ ಬಳಸಬೇಕು.

ಬಿಳಿ ಮಚ್ಚೆಯ ಹಂತದಲ್ಲಿ ಮೇಲ್ಮೈ ಇನ್ನೂ ಒಡೆದಿರುವುದಿಲ್ಲ. ತಿಂಡಿಯ ಸಲಗಳನ್ನು ಕಡಿಮೆ ಮಾಡಿ, ಫ್ಲೋರೈಡ್ ಪೇಸ್ಟಿನಿಂದ ಸರಿಯಾಗಿ ಉಜ್ಜಿದರೆ ಖನಿಜ ಮರಳಿ ತುಂಬಿ ಹುಳುಕು ಅಲ್ಲಿಗೇ ನಿಲ್ಲಬಹುದು. ಕುಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ವೈದ್ಯರೇ ತುಂಬಬೇಕು. ಆದ್ದರಿಂದ ಬಿಳಿ ಮಚ್ಚೆ ಕಂಡಾಗ, ತಣ್ಣನೆಯದು ಅಥವಾ ಸಿಹಿ ತಾಗಿದಾಗ ಹಲ್ಲು ಜುಮ್ಮೆಂದಾಗ, ಇಲ್ಲವೇ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಹಾರ ಸಿಕ್ಕಿಕೊಂಡಾಗ, ನೋವು ಬರುವವರೆಗೆ ಕಾಯದೆ ಮನೆಯವರಿಗೂ ಶಿಕ್ಷಕರಿಗೂ ತಿಳಿಸಿ ದಂತವೈದ್ಯರ ಬಳಿ ತೋರಿಸಿಕೊಳ್ಳಬೇಕು.