ಪಿಎಚ್, ವಿತರಣಾ ಗುಣಾಂಕ ಮತ್ತು ಮರುನಿಷ್ಕರ್ಷಣೆ: ಪೆನಿಸಿಲಿನ್‌ನ ಚರಿತ್ರೆ

ಒಂದು ವಸ್ತು ಬೆರೆಯದ ಎರಡು ದ್ರವಗಳ ನಡುವೆ ಯಾವ ಪ್ರಮಾಣದಲ್ಲಿ ಹಂಚಿಕೊಳ್ಳುತ್ತದೆ ಎಂಬುದನ್ನು ವಿತರಣಾ ಗುಣಾಂಕ ತಿಳಿಸುತ್ತದೆ. ವಸ್ತು ಎರಡೂ ದ್ರವಗಳಲ್ಲಿ ಒಂದೇ ರೂಪದಲ್ಲಿದ್ದರೆ ಮಾತ್ರ ಈ ಪ್ರಮಾಣ ಸ್ಥಿರ ಎಂದು ವಾಲ್ಥರ್ ನೆರ್ನ್‌ಸ್ಟ್ 1891ರಲ್ಲಿ ತೋರಿಸಿದ. ಆಮ್ಲ ಮತ್ತು ಪ್ರತ್ಯಾಮ್ಲಗಳ ವಿಷಯದಲ್ಲಿ ಈ ಷರತ್ತೇ ಮುಖ್ಯ. ವಿದ್ಯುದಾವೇಶ ಹೊತ್ತ ರೂಪ ನೀರನ್ನು ಬಿಟ್ಟು ಬರುವುದಿಲ್ಲ, ಆವೇಶವಿಲ್ಲದ ರೂಪ ಈಥರಿನಂಥ ದ್ರಾವಕಕ್ಕೆ ಸುಲಭವಾಗಿ ಹೋಗುತ್ತದೆ. ನಿಯಮ ಹುಟ್ಟುವ ಮೊದಲೇ, 1850ರಲ್ಲಿ, ಬೆಲ್ಜಿಯಮ್ಮಿನ ಜಾನ್ ಸ್ಟಾಸ್ ಕೊಲೆಯಾದವನ ಅಂಗಾಂಗಗಳಿಂದ ನಿಕೋಟಿನ್ ತೆಗೆದದ್ದು ಇದೇ ದಾರಿಯಲ್ಲಿ. ಆಮ್ಲದಲ್ಲಿ ಕರಗಿದ್ದ ವಿಷವನ್ನು ಕ್ಷಾರ ಹಾಕಿ ಆವೇಶರಹಿತಗೊಳಿಸಿ ಈಥರಿಗೆ ಎಳೆದುಕೊಂಡ.

ಪೆನಿಸಿಲಿನ್ ಇದರ ತಿರುವುಮುರುವು, ಅದು ಆಮ್ಲ. 1932ರಲ್ಲಿ ಲಂಡನ್ನಿನ ಹೆರಾಲ್ಡ್ ರೈಸ್ಟ್ರಿಕ್ ಬೂಸ್ಟಿನ ಸಾರಕ್ಕೆ ಆಮ್ಲ ಬೆರೆಸಿ ಪೆನಿಸಿಲಿನ್ನನ್ನು ಈಥರಿಗೆ ತಂದ. ಈಥರ್ ಆವಿಯಾದಾಗ ಔಷಧದ ಗುಣವೂ ಹೋಯಿತು. 1940ರ ಮಾರ್ಚಿನಲ್ಲಿ ಆಕ್ಸ್‌ಫರ್ಡಿನ ನಾರ್ಮನ್ ಹೀಟ್ಲಿ ಸೂಚಿಸಿದ್ದು ಬಹಳ ಸರಳ ಉಪಾಯ: ಈಥರನ್ನು ಆವಿಯಾಗಿಸಬೇಡಿ, ಅದನ್ನು ತಟಸ್ಥ ಅಥವಾ ಅಲ್ಪ ಕ್ಷಾರೀಯ ನೀರಿನೊಂದಿಗೆ ಅಲುಗಿಸಿ, ಪೆನಿಸಿಲಿನ್ ನೀರಿಗೇ ಮರಳುತ್ತದೆ. ಕೊರತೆ ಇದ್ದದ್ದು ಹೊರತೆಗೆಯುವಲ್ಲಿ ಅಲ್ಲ, ಹಿಂದಕ್ಕೆ ತರುವಲ್ಲಿ ಎಂದು ನನ್ನ ಅಭಿಪ್ರಾಯ.

ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಆಮ್ಲಕ್ಕೆ ಸೂತ್ರ

```
D = P / (1 + 10^(pH - pKa))
```

P ಆವೇಶರಹಿತ ರೂಪದ ಗುಣಾಂಕ, D ಎಲ್ಲ ರೂಪಗಳೂ ಸೇರಿದ ಹಂಚಿಕೆ. ಪೆನಿಸಿಲಿನ್ನಿನ pKa ಸುಮಾರು 2.8. ಲೆಕ್ಕಕ್ಕಾಗಿ P ಅನ್ನು 50 ಎಂದಿಟ್ಟುಕೊಳ್ಳೋಣ. ಪಿಎಚ್ 2.3ರಲ್ಲಿ D 38. ಸಮಾನ ಗಾತ್ರದ ದ್ರಾವಕದಲ್ಲಿ ಒಮ್ಮೆ ಅಲುಗಿಸಿದರೂ ಶೇ. 97 ಸಿಗುತ್ತದೆ. 4.8ಕ್ಕೆ ಏರಿದರೆ D ಸುಮಾರು 0.5, ಅಂದರೆ ಮೂರನೇ ಒಂದು ಭಾಗ ಮಾತ್ರ. 7ರಲ್ಲಿ 0.003, ಬಹುತೇಕ ಎಲ್ಲವೂ ನೀರಿಗೆ ಬರುತ್ತದೆ.

ಈಥರನ್ನು ತಣ್ಣಗೆ ಆವಿಯಾಗಿಸಿದ್ದರೆ ಸಾಕಿತ್ತಲ್ಲ ಎಂದು ಕೇಳಬಹುದು. ಆಗ ಔಷಧ ಉಳಿದರೂ ಅದರೊಡನೆ ಕೊಬ್ಬು ಮತ್ತು ತಟಸ್ಥ ಬಣ್ಣಗಳೂ ಉಳಿಯುತ್ತಿದ್ದವು. ಅವುಗಳಿಗೆ ಪಿಎಚ್ ಬದಲಾದರೇನು? ಅವು ಈಥರಿನಲ್ಲೇ ನಿಲ್ಲುತ್ತವೆ, ಆಮ್ಲ ಮಾತ್ರ ದಾಟಿ ಬರುತ್ತದೆ. ಹಾಗಾದರೆ ಪಿಎಚ್ ಇನ್ನೂ ಇಳಿಸಬಾರದೇಕೆ ಎಂಬುದು ಮತ್ತೊಂದು ಪ್ರಶ್ನೆ. 2.3ರಲ್ಲೇ ಬಹುಪಾಲು ದಕ್ಕಿರುವುದರಿಂದ ಮುಂದೆ ಲಾಭ ಅತ್ಯಲ್ಪ. ನಷ್ಟವೋ ದೊಡ್ಡದು, ಏಕೆಂದರೆ ಬೀಟಾ-ಲ್ಯಾಕ್ಟಮ್ ಉಂಗುರ ಆಮ್ಲದಲ್ಲಿ ಒಡೆಯುತ್ತದೆ. ಅದಕ್ಕೇ ದ್ರವವನ್ನು ತಂಪಾಗಿಟ್ಟು ಕ್ಷಿಪ್ರವಾಗಿ ಕೆಲಸ ಮುಗಿಸಬೇಕು. ಇಲ್ಲೇ ಸಾರದ ಪ್ರೋಟೀನು ಅಡ್ಡ ಬರುತ್ತದೆ: ಎರಡು ಪದರಗಳ ನಡುವೆ ಮೊಸರಿನಂಥ ನೊರೆ ಕಟ್ಟಿ, ಬೇರ್ಪಡಲು ತಡವಾಗಿ, ಅಷ್ಟರಲ್ಲಿ ಔಷಧ ಕೆಡುತ್ತದೆ. ಮರುನಿಷ್ಕರ್ಷಣೆಯಲ್ಲಿ ಇಳುವರಿ ಕಡಿಮೆಯಾದರೆ ಮೊದಲು ನೋಡಬೇಕಾದದ್ದು ಅಲುಗಿಸಿದ ಮೇಲಿನ ನೀರಿನ ಪಿಎಚ್. ದ್ರಾವಕದೊಡನೆ ಬಂದ ಆಮ್ಲ ಅದನ್ನು ಕೆಳಗೆ ಎಳೆದಿರುತ್ತದೆ.

ಮುಂದೆ ಕಾರ್ಖಾನೆಗಳು ಈಥರಿನ ಬದಲು ಅಮೈಲ್ ಅಥವಾ ಬ್ಯುಟೈಲ್ ಅಸಿಟೇಟ್ ಬಳಸಿದವು, ಪದರಗಳನ್ನು ಬೇಗ ಬಿಡಿಸಲು ಅಪಕೇಂದ್ರ ಯಂತ್ರಗಳನ್ನು ತಂದವು. ಆಮ್ಲದಲ್ಲಿ ದ್ರಾವಕಕ್ಕೆ, ಅಲ್ಲಿಂದ ತಟಸ್ಥ ನೀರಿಗೆ ಎಂಬ ಕ್ರಮ ಮಾತ್ರ ಹಾಗೆಯೇ ಉಳಿದಿದೆ.