ಈಥರ್ ಕಥೆ, ಭಾಗ 3: ಹುಡುಕಿದ್ದು ಆಲ್ಕೋಹಾಲ್, ಸಿಕ್ಕಿದ್ದು ಈಥರ್

1846ರಲ್ಲಿ ಬಾಸ್ಟನ್ನಿನ ವೈದ್ಯರು ಈಥರ್ ಕೊಟ್ಟು ರೋಗಿಗೆ ನೋವೇ ಗೊತ್ತಾಗದ ಹಾಗೆ ಆಪರೇಷನ್ ಮಾಡಿದ್ದನ್ನು ಕಳೆದ ಭಾಗದಲ್ಲಿ ಓದಿದ್ರಿ. ವಿಚಿತ್ರ ಏನಂದ್ರೆ, ಆಲ್ಕೋಹಾಲಿಗೆ ಗಂಧಕಾಮ್ಲ ಸೇರಿಸಿ ಕಾಯಿಸಿದರೆ ಈಥರ್ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಈಥರ್ ಒಳಗೆ ಏನಿದೆ ಅನ್ನೋದರ ಬಗ್ಗೆ ಮಾತ್ರ ಜಗಳ ನಡೀತಾನೇ ಇತ್ತು.

ಜರ್ಮನಿಯ ಲೀಬಿಗ್ ಪ್ರಕಾರ ಆಲ್ಕೋಹಾಲ್ ಅಂದರೆ ಈಥರ್ ಮತ್ತು ನೀರು ಕೂಡಿದ್ದು. ನೀರು ತೆಗೆದರೆ ಈಥರ್ ಉಳಿಯುತ್ತೆ, ಅಷ್ಟೇ.

1850ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಅಲೆಕ್ಸಾಂಡರ್ ವಿಲಿಯಮ್ಸನ್ ಈ ಜಗಳ ಬಿಡಿಸೋಕೆ ಹೊರಟಿರಲಿಲ್ಲ. ಅವರಿಗೆ ಬೇಕಾಗಿದ್ದು ಇನ್ನೂ ದೊಡ್ಡ ಆಲ್ಕೋಹಾಲ್. ಅದಕ್ಕೆ ಎಥನಾಲ್‌ನಲ್ಲಿ ಪೊಟ್ಯಾಸಿಯಂ ಕರಗಿಸಿದರು. ಹೈಡ್ರೋಜನ್ ಹೊರಟು ಹೋಗಿ ಅದರ ಜಾಗಕ್ಕೆ ಪೊಟ್ಯಾಸಿಯಂ ಬಂತು. ಇದನ್ನೇ ನಾವು ಇವತ್ತು ಆಲ್ಕಾಕ್ಸೈಡ್ ಅಂತೀವಿ. ಅದಕ್ಕೆ ಈಥೈಲ್ ಅಯೋಡೈಡ್ ಸೇರಿಸಿ ಬಿಸಿ ಮಾಡಿದರು.

C2H5OK + C2H5I → C2H5-O-C2H5 + KI

ಉಪ್ಪಿನ ಹಾಗೆ ಪೊಟ್ಯಾಸಿಯಂ ಅಯೋಡೈಡ್ ಬೇರೆಯಾಯಿತು. ಸಿಕ್ಕ ದ್ರವ ಮಾತ್ರ ಹೊಸ ಆಲ್ಕೋಹಾಲ್ ಅಲ್ಲ, ಅದೇ ಹಳೇ ಈಥರ್!

ಈಗ ಒಂದು ನಿಮಿಷ ಯೋಚನೆ ಮಾಡಿ. ಇದರಿಂದ ಲೀಬಿಗ್ ತಪ್ಪು ಅಂತ ಹೇಳಬಹುದಾ? ಆಗಲ್ಲ. ಎರಡೂ ಪದಾರ್ಥದೊಳಗೆ ಈಥರ್ ಮೊದಲೇ ಇತ್ತು, ಈಗ ಬಿಡುಗಡೆಯಾಯಿತು ಅಂತ ಅವರ ಕಡೆಯವರು ಹೇಳಬಹುದಿತ್ತು. ಅದಕ್ಕೇ ವಿಲಿಯಮ್ಸನ್ ಒಂದೇ ಒಂದು ವಸ್ತು ಬದಲಾಯಿಸಿದರು. ಈಥೈಲ್ ಬದಲು ಮೀಥೈಲ್ ಅಯೋಡೈಡ್ ಹಾಕಿದರು. ಹಳೇ ವಾದ ಸರಿಯಿದ್ದರೆ ಎರಡು ಬೇರೆ ಬೇರೆ ಈಥರ್ ಬೆರೆತು ಬರಬೇಕಿತ್ತು: ಸುಮಾರು 35 ಡಿಗ್ರಿಗೆ ಕುದಿಯುವ ಡೈಈಥೈಲ್ ಈಥರ್, ಅದರ ಜೊತೆ ಅನಿಲರೂಪದ ಡೈಮೀಥೈಲ್ ಈಥರ್. ಬಂದಿದ್ದು ಒಂದೇ. ಒಂದು ಕಡೆ ಮೀಥೈಲ್, ಇನ್ನೊಂದು ಕಡೆ ಈಥೈಲ್, ನಡುವೆ ಒಂದು ಆಮ್ಲಜನಕ. ಹಾಗಾದರೆ ಈಥರ್ ಎರಡು ತುಂಡು ಸೇರಿ ಆಗೋದು ಅನ್ನೋದು ಖಚಿತವಾಯಿತು.

ಆದರೆ ಈ ದಾರಿ ಎಲ್ಲ ಕಡೆಗೂ ಹೋಗಲ್ಲ. ಒಂದು ಲೆಕ್ಕ ನೋಡೋಣ. ನಿಮಗೆ CH3-O-C(CH3)3 ಬೇಕು ಅಂದುಕೊಳ್ಳಿ. ಸೋಡಿಯಂ ಮೆಥಾಕ್ಸೈಡ್‌ಗೆ ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ಹಾಕಿದರೆ ಆಯ್ತಲ್ಲ ಅನ್ನಿಸುತ್ತೆ. ಹಾಕಿ ನೋಡಿದರೆ ಗುಳ್ಳೆ ಗುಳ್ಳೆಯಾಗಿ ಅನಿಲ ಏಳುತ್ತೆ. ಅದನ್ನು ಬ್ರೋಮಿನ್ ನೀರಿಗೆ ಬಿಟ್ಟರೆ ಕೆಂಪು-ಕಂದು ಬಣ್ಣ ಹೋಗುತ್ತೆ. ಅಂದರೆ ಅದು ಐಸೋಬ್ಯುಟೀನ್, ಈಥರ್ ಅಲ್ಲ.

ಯಾಕೆ ಹೀಗೆ? ಆಲ್ಕಾಕ್ಸೈಡ್ ಬ್ರೋಮಿನ್ ಇರುವ ಇಂಗಾಲವನ್ನು ಹಿಂದಿನಿಂದ ಮುಟ್ಟಬೇಕು. ಅಲ್ಲಿ ಮೂರು ಮೀಥೈಲ್ ಗುಂಪು ಬಾಗಿಲಿಗೆ ಅಡ್ಡ ನಿಂತಿವೆ. ಆಲ್ಕಾಕ್ಸೈಡ್ ಬಲವಾದ ಪ್ರತ್ಯಾಮ್ಲವೂ ಹೌದು. ಒಳಗೆ ಹೋಗೋಕಾಗದೆ ಪಕ್ಕದ ಮೀಥೈಲ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತೆ, ಬ್ರೋಮಿನ್ ಹೊರಟು ಹೋಗುತ್ತೆ, ಜೋಡಿ ಬಂಧ ಉಳಿಯುತ್ತೆ. ಇದೇ ಎಲಿಮಿನೇಷನ್.

ಪರಿಹಾರ ಸುಲಭ: ಪಾತ್ರ ಅದಲು ಬದಲು ಮಾಡಿ.

(CH3)3COK + CH3I → CH3-O-C(CH3)3 + KI

ಮೀಥೈಲ್ ಅಯೋಡೈಡ್‌ನಲ್ಲಿ ಅಡ್ಡ ನಿಲ್ಲೋರಿಲ್ಲ, ಕಿತ್ತುಕೊಳ್ಳೋಕೆ ಪಕ್ಕದ ಇಂಗಾಲವೇ ಇಲ್ಲ. ಹಾಗಾಗಿ ದಪ್ಪ ಗುಂಪು ಆಲ್ಕಾಕ್ಸೈಡ್ ಆಗಿರಲಿ, ಸಣ್ಣದು ಹ್ಯಾಲೈಡ್ ಆಗಿರಲಿ. ಎರಡೂ ಕಡೆ ದಪ್ಪ ಗುಂಪೇ ಇದ್ದರೆ ಈ ದಾರಿ ಬಿಟ್ಟುಬಿಡಿ. ವಿಲಿಯಮ್ಸನ್ ಆರಿಸಿದ್ದು ಮೀಥೈಲ್ ಮತ್ತು ಈಥೈಲ್ ಅಯೋಡೈಡ್, ಅದಕ್ಕೇ ಬಚಾವಾದರು! ಈ ಪೈಪೋಟಿಯನ್ನು ಬಿಡಿಸಿ ಹೇಳಿದ್ದು 1930ರ ದಶಕದಲ್ಲಿ, ಅದೇ ಕಾಲೇಜಿನ ಇಂಗೋಲ್ಡ್ ಮತ್ತು ಹ್ಯೂಸ್.

ಕಟ್ಟಿದ್ದನ್ನು ಒಡೆಯೋದೂ ಉಂಟು. ಮೀಥೈಲ್ ಮತ್ತು ಬೆಂಜೀನ್ ಉಂಗುರ ಸೇರಿದ ಅನಿಸೋಲ್ ತಗೊಳ್ಳಿ. ಗಾಢ ಹೈಡ್ರಿಯೋಡಿಕ್ ಆಮ್ಲದ ಜೊತೆ ಕಾಯಿಸಿದರೆ ಆಮ್ಲದ ಹೈಡ್ರೋಜನ್ ಆಮ್ಲಜನಕಕ್ಕೆ ಅಂಟುತ್ತೆ, ಅಯೋಡೈಡ್ ಮೀಥೈಲನ್ನು ಹಿಂದಿನಿಂದ ಹೊಡೆಯುತ್ತೆ. ಉಂಗುರದ ಹಿಂದಿನಿಂದ ಹೊಡೆಯೋಕೆ ದಾರಿಯಿಲ್ಲ. ಹಾಗಾಗಿ ಸಿಗೋದು ಫೀನಾಲ್ ಮತ್ತು ಮೀಥೈಲ್ ಅಯೋಡೈಡ್, ಅಯೋಡೋಬೆಂಜೀನ್ ಅಲ್ಲ.

ವಿಯೆನ್ನಾದ ಝೈಸೆಲ್ 1885ರಲ್ಲಿ ಇದನ್ನೇ ಎಣಿಕೆಯ ಸಾಧನ ಮಾಡಿಕೊಂಡರು. ಆವಿಯಾಗಿ ಹೊರಬಂದ ಮೀಥೈಲ್ ಅಯೋಡೈಡನ್ನು ಸಿಲ್ವರ್ ನೈಟ್ರೇಟ್‌ಗೆ ಹಾಯಿಸಿ, ಕೂತ ಹಳದಿ ಸಿಲ್ವರ್ ಅಯೋಡೈಡ್ ತೂಗಿದರು. ಒಂದು ಮೆಥಾಕ್ಸಿ ಗುಂಪಿಗೆ ಒಂದು ಸಿಲ್ವರ್ ಅಯೋಡೈಡ್. ಗಿಡಮೂಲಿಕೆಯ ಔಷಧಗಳಲ್ಲಿ ಅಂಥ ಗುಂಪು ಎಷ್ಟಿವೆ ಅಂತ ಹೇಳೋಕೆ ತಕ್ಕಡಿಯೇ ಸಾಕಾಯಿತು.

ಈಗ ನಿಮ್ಮ ಸರದಿ: ಅನಿಸೋಲ್ ಮಾಡಬೇಕಾದರೆ ಯಾವ ತುಂಡು ಹ್ಯಾಲೈಡ್ ಆಗಬೇಕು, ಯಾಕೆ? ಕಾಮೆಂಟಿನಲ್ಲಿ ಬರೀರಿ. ಉತ್ತರ ಭಾಗ 4ರಲ್ಲಿ.